ಕನ್ನಡ, ಹಿಂದಿ, ಇಂಗ್ಲಿಷ್ ಬರುತ್ತದೆ ಎಂದು ರೆಸ್ಯೂಮೆಯಲ್ಲಿ ನಂಬುವಂತೆ ಬರೆಯುವುದು ಹೇಗೆ: ಕೊಡಗಿನ ಫ್ರಂಟ್ ಆಫೀಸ್ ಕೆಲಸಕ್ಕೆ ಹಂತ ಹಂತದ ಮಾರ್ಗದರ್ಶಿ

ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಕಡೆಯ ರೆಸಾರ್ಟ್ ಮತ್ತು ಹೋಟೆಲ್‌ಗಳ ರಿಸೆಪ್ಷನ್ ಕೆಲಸಕ್ಕೆ ಬರುವ ಅರ್ಜಿಗಳ ಕೊನೆಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಕಾಣುತ್ತದೆ: "ಗೊತ್ತಿರುವ ಭಾಷೆಗಳು: ಇಂಗ್ಲಿಷ್, ಹಿಂದಿ, ಕನ್ನಡ. ಓದಲು, ಬರೆಯಲು, ಮಾತನಾಡಲು." ನಿಜವಾಗಿ ಚೆನ್ನಾಗಿ ಹಿಂದಿ ಮಾತನಾಡುವವರೂ ಇದನ್ನೇ ಬರೆಯುತ್ತಾರೆ, ಎಸ್ಸೆಸ್ಸೆಲ್ಸಿಯಲ್ಲಿ ಹಿಂದಿ ಪಾಸು ಮಾಡಿ ಅಲ್ಲಿಗೇ ಬಿಟ್ಟವರೂ ಇದನ್ನೇ ಬರೆಯುತ್ತಾರೆ. ಹಾಗಾಗಿ ಓದುವ ಮ್ಯಾನೇಜರ್‌ಗೆ ಆ ಸಾಲಿನಿಂದ ಏನೂ ತಿಳಿಯುವುದಿಲ್ಲ. ಇಂಟರ್‌ವ್ಯೂನಲ್ಲಿ ಎರಡು ವಾಕ್ಯ ಹಿಂದಿಯಲ್ಲಿ ಕೇಳಿದ ಕೂಡಲೇ ಅರ್ಧದಷ್ಟು ಜನ ತಡವರಿಸುತ್ತಾರೆ. ಅಲ್ಲಿಂದ ಮುಂದೆ ರೆಸ್ಯೂಮೆಯಲ್ಲಿರುವ ಉಳಿದ ಮಾತುಗಳ ಮೇಲೂ ಅನುಮಾನ ಬರುತ್ತದೆ.

ಇದಕ್ಕೆ ಭಾಷೆ ಬಾರದಿರುವುದು ಕಾರಣವಲ್ಲ. ಕೊಡಗಿನಲ್ಲಿ ಬೆಳೆದವರಿಗೆ ಮೂರು ನಾಲ್ಕು ಭಾಷೆ ಕಿವಿಗೆ ಬಿದ್ದೇ ಇರುತ್ತದೆ. ಯಾವ ಭಾಷೆಯಲ್ಲಿ ಯಾವ ಕೆಲಸ ಮಾಡಬಲ್ಲೆ ಎಂದು ಅವರು ಒಮ್ಮೆಯೂ ಅಳೆದು ನೋಡಿರುವುದಿಲ್ಲ, ತೊಂದರೆ ಇರುವುದು ಅಲ್ಲಿ. ಮೊದಲು ಕೆಲಸವನ್ನು ನೋಡಬೇಕು, ಆಮೇಲೆ ತನ್ನನ್ನು ಅಳೆಯಬೇಕು, ಅದರ ನಂತರ ಬರೆಯಬೇಕು. ಹೆಚ್ಚಿನವರು ಬರೆಯುವುದರಿಂದ ಶುರುಮಾಡಿ ಅಳೆಯುವ ಕೆಲಸವನ್ನು ಇಂಟರ್‌ವ್ಯೂ ಮಾಡುವವರಿಗೆ ಬಿಟ್ಟುಬಿಡುತ್ತಾರೆ.

ಇಲ್ಲಿ ರೆಸಾರ್ಟಿನ ಫ್ರಂಟ್ ಆಫೀಸ್ ಅಸಿಸ್ಟೆಂಟ್ ಕೆಲಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ಮಸಾಲೆ ಅಂಗಡಿ, ಬ್ಯಾಂಕ್ ಕೌಂಟರ್, ಆಸ್ಪತ್ರೆಯ ರಿಸೆಪ್ಷನ್‌ಗೆ ಹೋಗುವವರು ಕೆಲಸದ ವಿವರ ಬದಲಿಸಿಕೊಂಡು ಇದೇ ಕ್ರಮ ಅನುಸರಿಸಬಹುದು.

## ಬೇಕಾಗುವ ಸಾಮಾನು

ರೆಕಾರ್ಡರ್ ಇರುವ ಮೊಬೈಲ್, ಒಂದು ನೋಟ್‌ಬುಕ್, ಗಡಿಯಾರ. ಜೊತೆಗೆ ನಿಮ್ಮ ಹಿಂದಿಯನ್ನೂ ಇಂಗ್ಲಿಷನ್ನೂ ಕೇಳಿ ತಪ್ಪು ಹೇಳಬಲ್ಲ ಒಬ್ಬರು. ಮನೆಯವರಿಗಿಂತ ಹಿಂದಿ ಮೇಷ್ಟ್ರು, ಸೇನೆಯಲ್ಲಿದ್ದು ನಿವೃತ್ತರಾದ ನೆರೆಯವರು, ಈಗಾಗಲೇ ಹೋಟೆಲಿನಲ್ಲಿರುವ ಗೆಳತಿ, ಇಂಥವರು ಒಳ್ಳೆಯದು. ಕೊಡಗಿನ ಹೆಚ್ಚುಕಡಿಮೆ ಪ್ರತಿ ಊರಿನಲ್ಲೂ ಸೇನೆಯಲ್ಲಿದ್ದು ಬಂದವರು ಸಿಗುತ್ತಾರೆ. ವರ್ಷಗಟ್ಟಲೆ ಹಿಂದಿಯಲ್ಲೇ ಕೆಲಸ ಮಾಡಿದವರು ಅವರು, ನಿಮ್ಮ ವಾಕ್ಯ ಎಲ್ಲಿ ಎಡವಿತು ಎಂದು ತಕ್ಷಣ ಹೇಳುತ್ತಾರೆ. ಸಂಕೋಚ ಬಿಟ್ಟು ಕೇಳಿ.

## ಹಂತ 1: ಆ ಕೆಲಸದ ಒಂದು ದಿನವನ್ನು ಭಾಷೆಯ ಪ್ರಕಾರ ಬಿಡಿಸಿ ಬರೆಯಿರಿ

ನೋಟ್‌ಬುಕ್‌ನಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕೌಂಟರ್‌ನಲ್ಲಿ ಏನೇನು ನಡೆಯುತ್ತದೆ ಎಂದು ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಅದು ಯಾವ ಭಾಷೆಯಲ್ಲಿ ನಡೆಯುತ್ತದೆ, ಮಾತಿನಲ್ಲೋ ಬರವಣಿಗೆಯಲ್ಲೋ ಎಂದು ಗುರುತು ಹಾಕಿ.

ಮಡಿಕೇರಿ ಸುತ್ತಲಿನ ರೆಸಾರ್ಟ್ ಒಂದರಲ್ಲಿ ಇದು ಸುಮಾರಾಗಿ ಹೀಗಿರುತ್ತದೆ. ಬೇರೆ ರಾಜ್ಯದ ಗೆಸ್ಟ್ ದಾರಿ ಕೇಳಿ ಫೋನ್ ಮಾಡುವುದು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಬುಕಿಂಗ್ ಆ್ಯಪ್‌ನಲ್ಲಿ ಬಂದ ಮೆಸೇಜಿಗೆ ಉತ್ತರ ಬರೆಯುವುದು ಇಂಗ್ಲಿಷಿನಲ್ಲಿ. ವಿದೇಶಿಯರು ಬಂದರೆ 24 ಗಂಟೆಯೊಳಗೆ ಸಲ್ಲಿಸಬೇಕಾದ ಅವರ ವಿವರದ ಫಾರ್ಮ್ ತುಂಬುವುದೂ ಇಂಗ್ಲಿಷಿನಲ್ಲೇ. ಮೈಸೂರು, ಮಂಡ್ಯ, ಹಾಸನದಿಂದ ಕುಟುಂಬ ಸಮೇತ ಬಂದವರ ಜೊತೆ ಕನ್ನಡ. ಕರೆಂಟ್ ಹೋದಾಗ ಸೆಸ್ಕ್ ಕಚೇರಿಗೆ ಫೋನ್ ಮಾಡಿ ಯಾವಾಗ ಬರುತ್ತದೆ ಎಂದು ವಿಚಾರಿಸುವುದು, ಜೀಪ್ ಡ್ರೈವರ್ ಹತ್ತಿರ ಮಾಂದಲ್‌ಪಟ್ಟಿಗೆ ಬೆಳಗಿನ ಜಾವದ ಟ್ರಿಪ್ ಹೇಳುವುದು, ಪಂಚಾಯಿತಿಯಿಂದ ಬಂದ ಪತ್ರ ಓದಿ ಮ್ಯಾನೇಜರ್‌ಗೆ ತಿಳಿಸುವುದು ಎಲ್ಲ ಕನ್ನಡ. ಹೌಸ್‌ಕೀಪಿಂಗ್‌ನಲ್ಲಿ ಅಸ್ಸಾಂ ಕಡೆಯ ಹುಡುಗರಿದ್ದರೆ ಅವರ ಜೊತೆ ಹಿಂದಿ.

ಪಟ್ಟಿ ಮುಗಿದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಈ ಕೆಲಸಕ್ಕೆ ಹಿಂದಿ ಹೆಚ್ಚುಕಡಿಮೆ ಪೂರ್ತಿ ಮಾತಿಗೇ ಬೇಕು, ದೇವನಾಗರಿಯಲ್ಲಿ ಬರೆಯುವ ಪ್ರಸಂಗವೇ ವಿರಳ. ಇಂಗ್ಲಿಷ್ ಬರವಣಿಗೆಗೆ ಜಾಸ್ತಿ ಬೇಕು. ಕನ್ನಡ ಎರಡಕ್ಕೂ ಬೇಕು. ಮೂರೂ ಭಾಷೆಗೆ "ಓದಲು, ಬರೆಯಲು, ಮಾತನಾಡಲು" ಎಂದು ಒಂದೇ ಅಳತೆ ಕೊಟ್ಟವರಿಗೆ ಈ ವ್ಯತ್ಯಾಸ ಹೊಳೆದಿಲ್ಲ ಎಂದೇ ಅರ್ಥ.

ಕೆಲಸದ ಜಾಹೀರಾತಿನಲ್ಲಿ "ಹಿಂದಿ ಕಡ್ಡಾಯ" ಎಂದಿದ್ದರೆ ಫೋನ್ ಮಾಡಿ ಕೌಂಟರ್ ಕೆಲಸವೋ ರಿಸರ್ವೇಷನ್ ಫೋನ್ ಕೆಲಸವೋ ಎಂದು ಕೇಳಿಬಿಡಿ. ಎದುರಿಗೆ ನಿಂತವರ ಮುಖ ನೋಡಿ ಮಾತನಾಡುವುದಕ್ಕಿಂತ ಫೋನಿನಲ್ಲಿ ಮಾತನಾಡುವುದು ಬಹಳ ಕಷ್ಟ, ಅದಕ್ಕೆ ಬೇಕಾದ ಭಾಷೆಯ ಮಟ್ಟವೇ ಬೇರೆ.

## ಹಂತ 2: ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಅಳೆಯಿರಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಇಡೀ ಮಾರ್ಗದರ್ಶಿಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು.

ಮೂರು ಸನ್ನಿವೇಶ ತೆಗೆದುಕೊಳ್ಳಿ. ಒಂದು, ಗೆಸ್ಟ್‌ಗೆ ದಾರಿ ಹೇಳುವುದು: ಕೊಡಗಿನಲ್ಲಿ ರೈಲು ನಿಲ್ದಾಣವಿಲ್ಲ, ಮೈಸೂರಿನಲ್ಲಿ ಇಳಿದು ರಸ್ತೆಯಲ್ಲಿ ಬರಬೇಕು, ಕುಶಾಲನಗರ ದಾಟಿದ ಮೇಲೆ ಹೀಗೆ ತಿರುಗಬೇಕು ಎಂದು ವಿವರಿಸುವುದು. ಎರಡು, ಸಿಟ್ಟಾದವರನ್ನು ಸಮಾಧಾನ ಮಾಡುವುದು: ಮಳೆಗೆ ಕರೆಂಟ್ ಹೋಗಿದೆ, ಬಿಸಿನೀರು ಬರಲು ಇನ್ನೂ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ನಾವು ಏನು ಮಾಡಬಲ್ಲೆವು ಎಂದು ಹೇಳುವುದು. ಮೂರು, ಹಣದ ಮಾತು: ರೂಮಿನ ದರ, ಹೆಚ್ಚುವರಿ ಹಾಸಿಗೆಗೆ ಎಷ್ಟು, ಬುಕಿಂಗ್ ರದ್ದು ಮಾಡಿದರೆ ಎಷ್ಟು ವಾಪಸು ಬರುತ್ತದೆ ಎಂದು ತಿಳಿಸುವುದು.

ಒಂದೊಂದನ್ನೂ ಮೂರು ಭಾಷೆಯಲ್ಲಿ ಎರಡು ನಿಮಿಷ ಮಾತನಾಡಿ ರೆಕಾರ್ಡ್ ಮಾಡಿ. ಮೊದಲೇ ಬರೆದುಕೊಂಡು ಓದಬೇಡಿ. ಮರುದಿನ ಕೇಳಿಸಿಕೊಳ್ಳಿ. ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಎಲ್ಲಿ ನಿಂತಿರಿ, ಎಲ್ಲಿ ಭಾಷೆ ಬದಲಿಸಿದಿರಿ, ಯಾವ ವಾಕ್ಯವನ್ನು ಅರ್ಧಕ್ಕೆ ಬಿಟ್ಟಿರಿ ಎಂದು ಗುರುತು ಹಾಕಿ. "ಟವೆಲ್", "ಬಿಲ್", "ಚೆಕ್-ಔಟ್" ಥರದ ಇಂಗ್ಲಿಷ್ ಪದ ಬಂದರೆ ಅದು ತಪ್ಪಲ್ಲ, ಎಲ್ಲರೂ ಹಾಗೇ ಮಾತನಾಡುತ್ತಾರೆ. ಕ್ರಿಯಾಪದ ಸಿಗದೆ ಇಡೀ ವಾಕ್ಯವನ್ನೇ ಬೇರೆ ಭಾಷೆಗೆ ಹೊರಳಿಸಿದರೆ ಅದನ್ನು ಎಣಿಸಿ.

### ಹಿಂದಿಯಲ್ಲಿ ಏನನ್ನು ಕೇಳಿಸಿಕೊಳ್ಳಬೇಕು

ಕನ್ನಡದವರ ಹಿಂದಿಯಲ್ಲಿ ಮೊದಲು ಕಾಣುವುದು ಲಿಂಗದ ತಪ್ಪು. ಕನ್ನಡದಲ್ಲಿ ಗಾಡಿ, ಕೀಲಿ, ಊಟ ಎಲ್ಲವೂ ನಪುಂಸಕ. ಹಿಂದಿಯಲ್ಲಿ ಪ್ರತಿ ವಸ್ತುವೂ ಗಂಡು ಅಥವಾ ಹೆಣ್ಣು. ಹಾಗಾಗಿ "ಆಪ್ ಕೀ ಗಾಡಿ ಆ ಗಯೀ" ಎನ್ನುವ ಕಡೆ "ಆಪ್ ಕಾ ಗಾಡಿ ಆ ಗಯಾ" ಎಂದು ಬರುತ್ತದೆ. ಇದಕ್ಕೆ ಅತಿಯಾಗಿ ಹೆದರಬೇಡಿ. ಗೆಸ್ಟ್‌ಗೆ ಅರ್ಥವಾಗುತ್ತದೆ, ದಕ್ಷಿಣದವರ ಹಿಂದಿ ಹೀಗೇ ಎಂದು ಅವರಿಗೂ ಗೊತ್ತು.

ಕ್ಷಮೆ ಸಿಗದ ತಪ್ಪು "ತುಮ್". ಸಿನಿಮಾ ನೋಡಿ, ಗೆಳೆಯರ ಜೊತೆ ಮಾತನಾಡಿ ಹಿಂದಿ ಕಲಿತವರ ಬಾಯಲ್ಲಿ "ತುಮ್ ಬೈಠೋ" ಸಲೀಸಾಗಿ ಬಂದುಬಿಡುತ್ತದೆ. ಕೌಂಟರ್‌ನಲ್ಲಿ "ಆಪ್ ಬೈಠಿಯೇ" ಆಗಬೇಕು. "ಆಪ್" ಎಂದು ಶುರುಮಾಡಿ "ಬೈಠೋ" ಎಂದು ಮುಗಿಸುವುದೂ ಅಷ್ಟೇ ಕೆಟ್ಟದಾಗಿ ಕೇಳಿಸುತ್ತದೆ. ಎದುರಿಗಿರುವುದು ವಯಸ್ಸಾದವರಾದರೆ ಅವರು ಅವಮಾನ ಎಂದೇ ತಿಳಿಯುತ್ತಾರೆ. ರೆಕಾರ್ಡಿಂಗ್‌ನಲ್ಲಿ ಇದು ಒಮ್ಮೆ ಕೇಳಿಸಿದರೂ ಸರಿಪಡಿಸಿಕೊಳ್ಳುವವರೆಗೆ ಅರ್ಜಿ ಹಾಕಬೇಡಿ.

ಮುಂದಿನದು ಸಂಖ್ಯೆ ಮತ್ತು ಸಮಯ. ನಿಜವಾದ ನಷ್ಟ ಆಗುವುದು ಇಲ್ಲೇ. "ಢಾಯಿ ಹಜಾರ್" ಅಂದರೆ 2,500. "ಸಾಢೇ ತೀನ್ ಹಜಾರ್" ಅಂದರೆ 3,500. "ಡೇಢ್ ಬಜೇ" ಅಂದರೆ ಒಂದೂವರೆ, "ಪೌನೇ ಬಾರಹ್" ಅಂದರೆ 11.45, "ಸವಾ ದಸ್" ಅಂದರೆ 10.15. 49, 59, 69, 79 ಕ್ರಮವಾಗಿ ಉನಚಾಸ್, ಉನಸಠ್, ಉನಹತ್ತರ್, ಉನಾಸೀ. ಇವುಗಳಲ್ಲಿ 50, 60, 70, 80ರ ಸುಳಿವು ಅಡಗಿದ್ದರೂ ಫೋನಿನಲ್ಲಿ ಬೇಗ ಹೇಳಿದಾಗ ಹೊಳೆಯುವುದಿಲ್ಲ. ಗೆಳತಿಗೆ ಹೇಳಿ ಇಂಥ ಇಪ್ಪತ್ತು ಸಂಖ್ಯೆ ಬೇಗ ಬೇಗ ಹೇಳಿಸಿ, ಕೇಳಿದ ಕೂಡಲೇ ಅಂಕಿಯಲ್ಲಿ ಬರೆದುಕೊಳ್ಳಿ. ಮೂರಕ್ಕಿಂತ ಹೆಚ್ಚು ತಪ್ಪಿದರೆ ಹಿಂದಿಯಲ್ಲಿ ಫೋನ್ ಬುಕಿಂಗ್ ಮಾಡಬಲ್ಲೆ ಎಂದು ಬರೆಯಬೇಡಿ.

"ಕಲ್" ಮತ್ತು "ಪರಸೋಂ" ಇನ್ನೊಂದು ಗುಂಡಿ. "ಕಲ್" ನಿನ್ನೆಯೂ ಹೌದು, ನಾಳೆಯೂ ಹೌದು. "ಪರಸೋಂ" ಮೊನ್ನೆಯೂ ಹೌದು, ನಾಡಿದ್ದೂ ಹೌದು. ಯಾವುದೆಂದು ಕ್ರಿಯಾಪದ ಹೇಳುತ್ತದೆ, ಆದರೆ ಗದ್ದಲದಲ್ಲಿ ಕ್ರಿಯಾಪದವೇ ಕಿವಿಗೆ ಬೀಳುವುದಿಲ್ಲ. ಅನುಭವಸ್ಥ ರಿಸೆಪ್ಷನಿಸ್ಟ್ "ಕಲ್" ಎಂದು ಕೇಳಿದೊಡನೆ ತಾರೀಖನ್ನು ಹೇಳಿ ಖಾತ್ರಿ ಮಾಡಿಕೊಳ್ಳುತ್ತಾಳೆ. ಈ ಅಭ್ಯಾಸ ನಿಮಗಿದ್ದರೆ ಅದೇ ಒಂದು ಅರ್ಹತೆ, ಇಂಟರ್‌ವ್ಯೂನಲ್ಲಿ ಅದನ್ನು ತೋರಿಸಿ.

### ಇಂಗ್ಲಿಷಿನಲ್ಲಿ

ಮಾತಿನ ಜೊತೆ ಬರವಣಿಗೆಯನ್ನೂ ಅಳೆಯಬೇಕು. "ನಾವು ನಾಳೆ ಬರಲಾಗುತ್ತಿಲ್ಲ, ಮುಂಗಡ ಹಣ ವಾಪಸು ಕೊಡಿ" ಎಂದು ಒಬ್ಬ ಗೆಸ್ಟ್ ಬರೆದಿದ್ದಾರೆ ಎಂದುಕೊಳ್ಳಿ. ಹತ್ತು ನಿಮಿಷದೊಳಗೆ, ಯಾರ ಸಹಾಯವೂ ಇಲ್ಲದೆ, ಎಂಟು ಹತ್ತು ಸಾಲಿನ ಉತ್ತರ ಬರೆಯಿರಿ. ಅದನ್ನು ಬಲ್ಲವರಿಗೆ ತೋರಿಸಿ. ಮ್ಯಾನೇಜರ್ ಒಮ್ಮೆ ಕಣ್ಣಾಡಿಸಿ ಕಳಿಸಬಹುದಾದ ಮಟ್ಟದಲ್ಲಿದೆಯೋ, ಅಥವಾ ಅವರೇ ಮತ್ತೆ ಬರೆಯಬೇಕಾಗುತ್ತದೋ ಎಂಬುದೊಂದೇ ಪ್ರಶ್ನೆ.

ಮಾತಿನಲ್ಲಿ ಎರಡು ಕಡೆ ಕಿವಿಗೊಡಿ. ಫಿಫ್ಟೀನ್ ಮತ್ತು ಫಿಫ್ಟಿ, ಥರ್ಟೀನ್ ಮತ್ತು ಥರ್ಟಿ ಬೇರೆ ಬೇರೆಯಾಗಿ ಕೇಳಿಸುತ್ತವೆಯೇ? ಗೆಸ್ಟ್ ಹೆಸರಿನ ಅಕ್ಷರಗಳನ್ನು ಫೋನಿನಲ್ಲಿ ಒಂದೊಂದಾಗಿ ಹೇಳಿ ಖಾತ್ರಿ ಮಾಡಿಕೊಳ್ಳಲು ಬರುತ್ತದೆಯೇ? ಉಚ್ಚಾರಣೆ ಕೊಡಗಿನದೇ ಆಗಿದ್ದರೆ ಏನೂ ತೊಂದರೆಯಿಲ್ಲ. ಬೇರೆ ಯಾರದೋ ಉಚ್ಚಾರಣೆ ಹಾಕಿಕೊಂಡು ಮಾತನಾಡಿದರೆ ಎರಡನೇ ವಾಕ್ಯಕ್ಕೇ ಅದು ಕಳಚಿ ಬೀಳುತ್ತದೆ.

### ಕನ್ನಡದಲ್ಲಿ

ಕನ್ನಡವನ್ನು ಅಳೆಯುವುದೇ ಬೇಡ ಎಂದು ಬಹಳ ಜನ ಬಿಟ್ಟುಬಿಡುತ್ತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ಇಲ್ಲೇ ಸಿಕ್ಕಿಬೀಳುತ್ತಾರೆ. "ನಾಳೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ನೀರು ಸರಬರಾಜು ಇರುವುದಿಲ್ಲ, ದಯವಿಟ್ಟು ಸಹಕರಿಸಿ" ಎಂಬ ಸೂಚನೆಯನ್ನು ಮೊಬೈಲ್‌ನಲ್ಲಿ ಕನ್ನಡ ಕೀಬೋರ್ಡ್ ಬಳಸಿ ಟೈಪ್ ಮಾಡಿ ನೋಡಿ. ಒತ್ತಕ್ಷರ ಸರಿಯಾಗಿ ಬಂತೇ? ಐದು ನಿಮಿಷದಲ್ಲಿ ಮುಗಿಯಿತೇ? ಪಂಚಾಯಿತಿಯ ಒಂದು ಪತ್ರವನ್ನು ಜೋರಾಗಿ ಓದಿ, ಅದರ ಸಾರಾಂಶ ಹೇಳಿ. ಎರಡೂ ಬಂದರೆ ಮಾತ್ರ "ಬರವಣಿಗೆ" ಎಂದು ಬರೆಯಿರಿ. ರೆಸಾರ್ಟುಗಳಲ್ಲಿ ಇಂಗ್ಲಿಷ್ ಟೈಪ್ ಮಾಡುವವರು ಬೇಕಾದಷ್ಟಿದ್ದಾರೆ, ಕನ್ನಡ ಟೈಪ್ ಮಾಡುವವರು ಒಬ್ಬರೋ ಇಬ್ಬರೋ. ಹಾಗಾಗಿ ನಿಮಗೆ ಇದು ಬರುವುದಾದರೆ ಅದು ದೊಡ್ಡ ವಿಷಯ, ಮುಚ್ಚಿಡಬೇಡಿ.

## ಹಂತ 3: ಮನೆಮಾತನ್ನು ಬೇರೆಯಾಗಿಯೇ ಬರೆಯಿರಿ

ಇದು ಚಿಕ್ಕ ಹಂತ, ಆದರೆ ಕೊಡಗಿನವರು ಮತ್ತೆ ಮತ್ತೆ ತಪ್ಪುವ ಜಾಗ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಯಾವುದೇ ಇರಲಿ, "ಮಾತೃಭಾಷೆ: ಕನ್ನಡ" ಎಂದು ಬರೆದುಬಿಡುತ್ತಾರೆ. ಇಂಟರ್‌ವ್ಯೂನಲ್ಲಿ ಊರು, ಮನೆತನ ಕೇಳಿದಾಗ ನಿಜ ಹೊರಬರುತ್ತದೆ. ಅಲ್ಲಿ ವಿವರಣೆ ಕೊಡುತ್ತ ಕೂರುವ ಬದಲು ಮೊದಲೇ ಸರಿಯಾಗಿ ಬರೆಯಿರಿ. ಮೂರು ಭಾಷೆಗಳ ಕೆಳಗೆ ಒಂದು ಸಾಲು ಸಾಕು. ಮಲಯಾಳ ಬರುವವರು ಅದನ್ನು ಖಂಡಿತ ಹಾಕಬೇಕು, ಏಕೆಂದರೆ ವಿರಾಜಪೇಟೆಯಿಂದ ಮಾಕುಟ್ಟ ದಾಟಿದರೆ ಕಣ್ಣೂರು, ಆ ಕಡೆಯಿಂದ ಬರುವ ಗೆಸ್ಟ್‌ಗಳು ಕಡಿಮೆಯೇನಲ್ಲ.

## ಹಂತ 4: ಮಟ್ಟ ಹೇಳುವ ಪದವನ್ನು ಎಚ್ಚರಿಕೆಯಿಂದ ಆರಿಸಿ

"ಫ್ಲೂಯೆಂಟ್", "ಎಕ್ಸಲೆಂಟ್", "ಗುಡ್" ಇವುಗಳಿಂದ ದೂರವಿರಿ. ಒಬ್ಬರ ಗುಡ್ ಇನ್ನೊಬ್ಬರ ಎಕ್ಸಲೆಂಟ್. ಅದರಲ್ಲೂ ಭಾಷೆಗೆ ನಾಲ್ಕು ನಕ್ಷತ್ರ, ಶೇಕಡಾ 80 ಎಂದು ಪಟ್ಟಿ ಎಳೆಯುವ ರೆಸ್ಯೂಮೆ ನಮೂನೆಗಳಿವೆಯಲ್ಲ, ಅವನ್ನು ಬಳಸಲೇಬೇಡಿ. ಶೇಕಡಾ 80 ಹಿಂದಿ ಎಂದರೆ ಏನು ಎಂದು ಕೇಳಿದರೆ ಯಾರ ಹತ್ತಿರವೂ ಉತ್ತರವಿಲ್ಲ.

ಭಾಷೆ ಎಷ್ಟು ಬರುತ್ತದೆ ಎಂದು ಅಳೆಯಲು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ A1ರಿಂದ C2ವರೆಗಿನ ಆರು ಮಟ್ಟದ ಚೌಕಟ್ಟೊಂದಿದೆ. ವಿದೇಶಿ ಹೋಟೆಲ್ ಸರಪಳಿಗಳಲ್ಲಿ ಕೆಲವರು ಇದನ್ನು ಕೇಳುತ್ತಾರೆ. ಪರೀಕ್ಷೆ ಬರೆದಿದ್ದರೆ ಮಾತ್ರ ಆ ಅಕ್ಷರ ಹಾಕಿ, ಊಹೆಯಿಂದ B2 ಎಂದು ಹಾಕಬೇಡಿ. LinkedInನಲ್ಲಿ ಐದು ಮಟ್ಟದಲ್ಲಿ ಒಂದನ್ನು ಆರಿಸಬಹುದು. ಕೌಂಟರ್‌ನಲ್ಲಿ ದಿನನಿತ್ಯದ ಮಾತು ಮಾತ್ರ ಬರುವವರು Limited working proficiency ಆರಿಸಿ. ದೂರು, ಹಣದ ತಕರಾರು, ಫೋನ್ ಎಲ್ಲವನ್ನೂ ಒಬ್ಬರೇ ನಿಭಾಯಿಸಬಲ್ಲವರು Professional working proficiency ಆರಿಸಬಹುದು. ಅಲ್ಲಿ ಒಂದು, ರೆಸ್ಯೂಮೆಯಲ್ಲಿ ಇನ್ನೊಂದು ಇರಬಾರದು. ಮ್ಯಾನೇಜರ್‌ಗಳು ಎರಡನ್ನೂ ತೆರೆದು ನೋಡುತ್ತಾರೆ.

ಇಲ್ಲಿನ ರೆಸಾರ್ಟುಗಳಿಗೆ ಇವೆರಡಕ್ಕಿಂತಲೂ ಕೆಲಸವನ್ನೇ ಹೇಳುವುದು ಚೆನ್ನಾಗಿ ನಾಟುತ್ತದೆ. ಮಟ್ಟದ ಪದ ಒಂದು, ಅದರ ಪಕ್ಕದಲ್ಲಿ ಆ ಭಾಷೆಯಲ್ಲಿ ಮಾಡಬಲ್ಲ ಎರಡು ಕೆಲಸ, ಮಾಡಲಾಗದ್ದು ಇದ್ದರೆ ಒಂದು.

## ಹಂತ 5: ಈಗ ಬರೆಯಿರಿ (ಒಂದು ಪೂರ್ತಿ ಉದಾಹರಣೆ)

ಭಾಗಮಂಡಲ ಕಡೆಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿ. ಮನೆಯಲ್ಲಿ ಅರೆಭಾಷೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಮೂರನೇ ಭಾಷೆ ಹಿಂದಿ. ಮಡಿಕೇರಿಯಲ್ಲಿ ಬಿ.ಕಾಂ. ರಜೆಯಲ್ಲಿ ರಾಜಾಸೀಟ್ ಹತ್ತಿರದ ಒಂದು ಕಾಫಿಪುಡಿ, ಮಸಾಲೆ, ಹೋಮ್‌ಮೇಡ್ ಚಾಕೊಲೇಟ್ ಅಂಗಡಿಯಲ್ಲಿ ಕೆಲಸ ಮಾಡಿದ್ದಾಳೆ. ಮೊದಲಿನ ರೆಸ್ಯೂಮೆಯಲ್ಲಿ ಅವಳದ್ದೂ ಅದೇ ಹಳೆಯ ಸಾಲು.

ರೆಕಾರ್ಡ್ ಮಾಡಿ ಅಳೆದಾಗ ಹೀಗೆ ಕಂಡಿತು ಎಂದುಕೊಳ್ಳೋಣ. ಹಿಂದಿಯಲ್ಲಿ ದರ ಹೇಳುವುದು, ಚೌಕಾಸಿಗೆ ಉತ್ತರ ಕೊಡುವುದು, ಅಬ್ಬಿ ಜಲಪಾತಕ್ಕೋ ದುಬಾರೆಗೋ ದಾರಿ ಹೇಳುವುದು ನಿರರ್ಗಳ, ಏಕೆಂದರೆ ಅಂಗಡಿಯಲ್ಲಿ ದಿನವೂ ಅದನ್ನೇ ಮಾಡಿದ್ದಳು. ಹಣ ವಾಪಸಾತಿಯ ನಿಯಮ ವಿವರಿಸುವಾಗ ಮಾತ್ರ ಎರಡು ಕಡೆ ನಿಂತಳು. ದೇವನಾಗರಿ ನಿಧಾನವಾಗಿ ಓದುತ್ತಾಳೆ, ಬರೆಯುವುದಿಲ್ಲ. ಇಂಗ್ಲಿಷ್ ಇಮೇಲ್ ಹತ್ತು ನಿಮಿಷದಲ್ಲಿ ಮುಗಿಯಿತು, ಸಣ್ಣ ತಿದ್ದುಪಡಿ ಬೇಕಾಯಿತು. ಇಂಗ್ಲಿಷಿನಲ್ಲಿ ಎದುರಿಗೆ ಮಾತನಾಡುವುದು ಸರಾಗ, ಫೋನಿನಲ್ಲಿ ಸ್ವಲ್ಪ ನಿಧಾನ. ಕನ್ನಡದಲ್ಲಿ ಎಲ್ಲವೂ ಸಲೀಸು, ಟೈಪಿಂಗ್ ಕೂಡ.

ಅವಳು ಬರೆಯಬೇಕಾದದ್ದು:

ಕನ್ನಡ: ಮಾತು, ಓದು, ಬರವಣಿಗೆ ಪೂರ್ಣ. ಸೂಚನಾ ಫಲಕ, ಪತ್ರಗಳನ್ನು ಕನ್ನಡದಲ್ಲಿ ಟೈಪ್ ಮಾಡಬಲ್ಲೆ. ಸ್ಥಳೀಯ ಕಚೇರಿ, ವಾಹನ ಚಾಲಕರೊಂದಿಗೆ ವ್ಯವಹರಿಸಬಲ್ಲೆ.

ಇಂಗ್ಲಿಷ್: ಗೆಸ್ಟ್‌ಗಳೊಂದಿಗೆ ಕೌಂಟರ್‌ನಲ್ಲಿ ಮಾತು ಸರಾಗ. ಬುಕಿಂಗ್ ಮೆಸೇಜ್ ಮತ್ತು ದಿನನಿತ್ಯದ ಇಮೇಲ್‌ಗೆ ಸ್ವಂತವಾಗಿ ಉತ್ತರ ಬರೆಯಬಲ್ಲೆ.

ಹಿಂದಿ: ಕೌಂಟರ್‌ನಲ್ಲಿ ದರ, ದಾರಿ ವಿವರಿಸಬಲ್ಲೆ. ಪ್ರವಾಸಿಗರಿಗೆ ಮಾರಾಟದ ಅನುಭವ. ಓದು ಸಾಧಾರಣ, ಬರವಣಿಗೆ ಇಲ್ಲ.

ಮನೆಮಾತು: ಅರೆಭಾಷೆ.

ಈ ಉದಾಹರಣೆಯಲ್ಲಿ "ಬರವಣಿಗೆ ಇಲ್ಲ" ಎಂಬ ಎರಡು ಪದವನ್ನು ಗಮನಿಸಿ. ಇದನ್ನು ಬರೆಯಲು ಬಹಳ ಜನ ಹಿಂಜರಿಯುತ್ತಾರೆ. ಆದರೆ ಓದುವವರು ಅದನ್ನು ಕಂಡಾಗ ಉಳಿದದ್ದನ್ನು ನಂಬುತ್ತಾರೆ. ಕೆಲಸಕ್ಕೆ ಹಿಂದಿ ಬರವಣಿಗೆ ಬೇಕಾಗಿಯೇ ಇಲ್ಲ ಎಂದು ಮೊದಲ ಹಂತದಲ್ಲೇ ಗೊತ್ತಾಗಿರುವುದರಿಂದ ಅವಳಿಗೆ ನಷ್ಟವೂ ಇಲ್ಲ. ಕೆಲಸಕ್ಕೆ ಬೇಕಾದದ್ದರಲ್ಲೇ ಕೊರತೆ ಇದ್ದರೆ, ಉದಾಹರಣೆಗೆ ಇಂಗ್ಲಿಷ್ ಇಮೇಲ್ ಬಾರದಿದ್ದರೆ, ಅದನ್ನು "ಇಲ್ಲ" ಎಂದು ಬರೆಯುವ ಬದಲು ಬರುವುದನ್ನಷ್ಟೇ ಬರೆದು ಉಳಿದದ್ದನ್ನು ಇಂಟರ್‌ವ್ಯೂನಲ್ಲಿ ಕೇಳಿದಾಗ ನೇರವಾಗಿ ಹೇಳಿ.

ಭಾಷೆಯ ಸಾಲುಗಳನ್ನು ರೆಸ್ಯೂಮೆಯ ತಳದಲ್ಲಿ ಹವ್ಯಾಸಗಳ ಪಕ್ಕ ಇಡಬೇಡಿ. ಗ್ರಾಹಕರೊಂದಿಗೆ ಮಾತನಾಡುವ ಕೆಲಸಕ್ಕೆ ಭಾಷೆಯೇ ಅರ್ಹತೆ. ಹೆಸರು, ಫೋನ್ ನಂಬರ್, ಎರಡು ಸಾಲಿನ ಪರಿಚಯ ಆದ ಕೂಡಲೇ ಹಾಕಿ. ರೆಸ್ಯೂಮೆ ಇಂಗ್ಲಿಷಿನಲ್ಲಿದ್ದರೆ ಇದೇ ವಿಷಯವನ್ನು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆದು ಒಬ್ಬರಿಂದ ತಿದ್ದಿಸಿ. ಇಂಗ್ಲಿಷ್ ಸರಾಗ ಎಂದು ಹೇಳುವ ಸಾಲಿನಲ್ಲೇ ಕಾಗುಣಿತ ತಪ್ಪಿದ್ದರೆ ಆ ಅರ್ಜಿಯನ್ನು ಮುಂದೆ ಓದುವವರಿಲ್ಲ.

## ಹಂತ 6: ಪುರಾವೆಯನ್ನು ಅನುಭವದ ಸಾಲಿನೊಳಗೆ ಸೇರಿಸಿ

ಭಾಷೆಯ ಭಾಗದಲ್ಲಿ ಹೇಳಿದ್ದು ಕೆಲಸದ ಅನುಭವದಲ್ಲೂ ಕಾಣಬೇಕು. "ಅಂಗಡಿಯಲ್ಲಿ ಸೇಲ್ಸ್ ಗರ್ಲ್" ಎಂದಷ್ಟೇ ಬರೆದರೆ ಏನೂ ತಿಳಿಯದು. "ದಸರಾ ಮತ್ತು ಕ್ರಿಸ್‌ಮಸ್ ರಜೆಯ ಸಂದಣಿಯಲ್ಲಿ ಹೊರರಾಜ್ಯದ ಪ್ರವಾಸಿಗರಿಗೆ ಹಿಂದಿಯಲ್ಲಿ ಬಗೆಬಗೆಯ ಕಾಫಿಪುಡಿ, ಬಗೆಬಗೆಯ ಮಸಾಲೆಗಳ ವ್ಯತ್ಯಾಸ ವಿವರಿಸಿ ಮಾರಾಟ, ಬಿಲ್ಲಿಂಗ್" ಎಂದು ಬರೆದರೆ ಹಿಂದಿಯ ಸಾಲಿಗೆ ಆಧಾರ ಸಿಗುತ್ತದೆ. ಮನೆಯ ಹೋಮ್‌ಸ್ಟೇಯಲ್ಲಿ ಗೆಸ್ಟ್‌ಗಳನ್ನು ನೋಡಿಕೊಂಡಿದ್ದರೆ ಅದೂ ಅನುಭವವೇ. ಸಂಬಳ ಬರಲಿಲ್ಲ ಎಂದು ಬಿಡಬೇಡಿ, ಆದರೆ ಕುಟುಂಬದ ಹೋಮ್‌ಸ್ಟೇ ಎಂದು ಸ್ಪಷ್ಟವಾಗಿ ಬರೆಯಿರಿ.

ಪ್ರಮಾಣಪತ್ರಗಳಲ್ಲಿ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಪರೀಕ್ಷೆಗಳು ಇಲ್ಲಿನ ಬಹಳ ಜನರ ಹತ್ತಿರ ಇರುತ್ತವೆ. ಪಾಸಾದ ಅತ್ಯಂತ ಮೇಲಿನದನ್ನು ಮಾತ್ರ ವರ್ಷದ ಸಮೇತ ಬರೆಯಿರಿ. ಪ್ರಾಥಮಿಕ್, ಮಧ್ಯಮಾ ಎಲ್ಲವನ್ನೂ ಪೇರಿಸಬೇಕಿಲ್ಲ. ಒಂದು ಎಚ್ಚರ: ಈ ಪರೀಕ್ಷೆಗಳು ಹೆಚ್ಚಾಗಿ ಓದು ಬರಹವನ್ನು ಅಳೆಯುತ್ತವೆ. ಶಾಲೆಯಲ್ಲಿದ್ದಾಗ ರಾಷ್ಟ್ರಭಾಷಾ ಪಾಸು ಮಾಡಿ ಆಮೇಲೆ ಹಿಂದಿ ಮಾತನಾಡದೇ ಇದ್ದವರು ಅದನ್ನು ಮಾತಿನ ಪುರಾವೆಯಾಗಿ ಮುಂದಿಟ್ಟರೆ ಇಂಟರ್‌ವ್ಯೂನಲ್ಲಿ ಎಡವುತ್ತಾರೆ. ಓದಿನ ಪುರಾವೆಯಾಗಿ ಇಡಿ.

## ಹಂತ 7: ಇಂಟರ್‌ವ್ಯೂನಲ್ಲಿ ಭಾಷೆ ಬದಲಾಗುವ ಕ್ಷಣಕ್ಕೆ ಸಿದ್ಧರಾಗಿ

ಸಾಮಾನ್ಯವಾಗಿ ಊರು, ಓದು ಎಂದು ಕನ್ನಡದಲ್ಲಿ ಶುರುವಾಗುತ್ತದೆ. ನಂತರ ಇಂಗ್ಲಿಷಿಗೆ ಹೊರಳುತ್ತದೆ. ನೀವು ನಿರಾಳವಾದ ಹೊತ್ತಿಗೆ ಹಿಂದಿಯಲ್ಲಿ ಒಂದು ಪ್ರಶ್ನೆ ಬೀಳುತ್ತದೆ. ಅದನ್ನು ಬೇಕೆಂದೇ ಹಾಗೆ ಕೇಳುತ್ತಾರೆ, ಏಕೆಂದರೆ ಕೌಂಟರ್‌ನಲ್ಲಿ ಆಗುವುದೂ ಹಾಗೆಯೇ: ಕನ್ನಡದ ಕುಟುಂಬಕ್ಕೆ ಕೀಲಿ ಕೊಡುತ್ತಿರುವಾಗಲೇ ಪಕ್ಕದಲ್ಲಿ ಹಿಂದಿಯವರು ನಿಂತು ಏನೋ ಕೇಳುತ್ತಾರೆ.

ಯಾವ ಭಾಷೆಯಲ್ಲಿ ಕೇಳಿದರೋ ಅದೇ ಭಾಷೆಯಲ್ಲಿ ಉತ್ತರಿಸಿ. ಅರ್ಥವಾಗದಿದ್ದರೆ ಇಂಗ್ಲಿಷಿಗೆ ಓಡಬೇಡಿ, "ಏಕ್ ಬಾರ್ ಫಿರ್ ಬತಾಯಿಯೇ" ಎಂದು ಅದೇ ಭಾಷೆಯಲ್ಲಿ ಕೇಳಿ. ಪದ ಸಿಗದಿದ್ದರೆ ಆ ಒಂದು ಪದಕ್ಕೆ ಇಂಗ್ಲಿಷ್ ಬಳಸಿ ವಾಕ್ಯವನ್ನು ಹಿಂದಿಯಲ್ಲೇ ಮುಗಿಸಿ. ಅಪೂರ್ಣ ವಾಕ್ಯಕ್ಕಿಂತ ಮಿಶ್ರ ವಾಕ್ಯ ಎಷ್ಟೋ ಮೇಲು.

ರೂಮ್ ಇನ್ನೂ ತಯಾರಿಲ್ಲ, ಗೆಸ್ಟ್ ಸಿಟ್ಟಾಗಿದ್ದಾರೆ, ಏನು ಮಾಡುತ್ತೀರಿ ಎಂದು ನಟಿಸಿ ತೋರಿಸಲು ಹೇಳುವುದು ಸಾಮಾನ್ಯ. ಎರಡನೇ ಹಂತದ ರೆಕಾರ್ಡಿಂಗ್‌ನಲ್ಲಿ ಇದಕ್ಕೆ ಅಭ್ಯಾಸ ಆಗಿಹೋಗಿರುತ್ತದೆ. ಕ್ಷಮೆ ಕೇಳುವುದು, ಕಾರಣ ಒಂದೇ ವಾಕ್ಯದಲ್ಲಿ ಹೇಳುವುದು, ಎಷ್ಟು ಹೊತ್ತು ಎಂದು ನಿಖರವಾಗಿ ಹೇಳುವುದು, ಅಷ್ಟರಲ್ಲಿ ಕಾಫಿ ಕೊಡಲೇ ಎಂದು ಕೇಳುವುದು. ಕಾರಣವನ್ನೇ ಉದ್ದಕ್ಕೆ ಎಳೆಯುವವರು ಎಲ್ಲ ಭಾಷೆಯಲ್ಲೂ ಸೋಲುತ್ತಾರೆ.

ಕೊರತೆಯ ಬಗ್ಗೆ ಕೇಳಿದರೆ ಒಂದು ವಾಕ್ಯದಲ್ಲಿ ಒಪ್ಪಿ, ಮುಂದಿನ ವಾಕ್ಯದಲ್ಲಿ ಕೆಲಸ ಹೇಗೆ ನಡೆಸುತ್ತೀರಿ ಎಂದು ಹೇಳಿ: "ಹಿಂದಿಯಲ್ಲಿ ಬರೆಯಲು ಬರುವುದಿಲ್ಲ. ಗೆಸ್ಟ್ ಹಿಂದಿಯಲ್ಲಿ ಹೇಳಿದ್ದನ್ನು ಲಾಗ್‌ಬುಕ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದಿಡುತ್ತೇನೆ, ತಾರೀಖು ಮತ್ತು ದರವನ್ನು ಅವರಿಗೆ ಮತ್ತೊಮ್ಮೆ ಅಂಕಿಯಲ್ಲಿ ತೋರಿಸಿ ಖಾತ್ರಿ ಮಾಡಿಕೊಳ್ಳುತ್ತೇನೆ." "ಬೇಗ ಕಲಿತುಕೊಳ್ಳುತ್ತೇನೆ ಸರ್" ಎಂಬ ಮಾತಿಗಿಂತ ಇದಕ್ಕೆ ತೂಕ ಹೆಚ್ಚು.

## ಕಳಿಸುವ ಮೊದಲು ಗಮನಿಸಬೇಕಾದ ಸೂಚನೆಗಳು

ಭಾಷೆಯ ಸಾಲನ್ನು ಓದಿ ಗೆಳತಿಗೆ "ನಾನು ಹಿಂದಿಯಲ್ಲಿ ಏನು ಮಾಡಬಲ್ಲೆ?" ಎಂದು ಕೇಳಿ. ಉತ್ತರ ಹೇಳಲು ಅವಳಿಗೆ ಆಗದಿದ್ದರೆ ಸಾಲು ಇನ್ನೂ ಅಸ್ಪಷ್ಟ. ಮೂರೂ ಭಾಷೆಗೆ ಒಂದೇ ಪದ ಬಂದಿದ್ದರೆ ಅಳತೆ ಸರಿಯಾಗಿ ಆಗಿಲ್ಲ. ನೀವು ಬರೆದ ಒಂದು ಕೆಲಸವನ್ನು ಈಗಲೇ ಮಾಡಿ ತೋರಿಸು ಎಂದರೆ ಎದೆ ಡವಗುಟ್ಟುವುದಾದರೆ ಆ ಕೆಲಸವನ್ನು ಅಳಿಸಿ.

ಅರ್ಜಿ ಕಳಿಸಿದ ಮೇಲೂ ಕರೆ ಬರುತ್ತಿಲ್ಲ ಎಂದಾದರೆ ತೊಂದರೆ ರೆಸ್ಯೂಮೆಯಲ್ಲಿದೆ, ಐದನೇ ಹಂತಕ್ಕೆ ಹಿಂತಿರುಗಿ. ಕರೆ ಬಂದು ಇಂಟರ್‌ವ್ಯೂ ಆದ ಮೇಲೆ ಸುದ್ದಿಯೇ ಇಲ್ಲ ಎಂದಾದರೆ ಬರೆದದ್ದಕ್ಕೂ ಮಾತಿಗೂ ಅಂತರವಿದೆ, ಎರಡನೇ ಹಂತಕ್ಕೆ ಹೋಗಿ. ಇಂಟರ್‌ವ್ಯೂನಲ್ಲಿ "ಹಿಂದಿ ಸ್ವಲ್ಪ ಕಡಿಮೆಯಾಯಿತು" ಎಂದು ನೇರವಾಗಿ ಹೇಳಿದರೆ, ಯಾವ ಜಾಗದಲ್ಲಿ ಎಂದು ಅಲ್ಲೇ ವಿನಯದಿಂದ ಕೇಳಿ. ಫೋನ್ ಕೆಲಸಕ್ಕೆ ಸಾಲದು ಎಂದಿದ್ದರೆ ಕೌಂಟರ್ ಅಥವಾ ಗೆಸ್ಟ್ ರಿಲೇಷನ್ಸ್ ಕೆಲಸ ಇದೆಯೇ ಎಂದು ವಿಚಾರಿಸಿ. ಮುಖಾಮುಖಿ ಮಾತಿಗೆ ಸಾಲುವಷ್ಟು ಹಿಂದಿ ಇದ್ದು ಕನ್ನಡ ಬರವಣಿಗೆ ಗಟ್ಟಿಯಾಗಿರುವವರನ್ನು ಅಲ್ಲಿಗೆ ತೆಗೆದುಕೊಳ್ಳುವುದುಂಟು.